ಮಂಡ್ಯದಿಂದ ಕೊಯಮತ್ತೂರಿಗೆ: ಮೂವತ್ತು ದಿನದಲ್ಲಿ ಮಾತಾಡುವಷ್ಟು ತಮಿಳು

ಮಂಡ್ಯ, ಮೈಸೂರು ಕಡೆಯ ಹುಡುಗ ಹುಡುಗಿಯರಿಗೆ ಕೊಯಮತ್ತೂರಲ್ಲಿ ಕೆಲಸ ಸಿಕ್ಕಿತು ಅಂದರೆ ಮನೆಯವರು ಮೊದಲು ಕೇಳುವುದು ಊಟದ ವಿಚಾರ. ಎರಡನೆಯದು ಭಾಷೆ. ಊಟದ ಚಿಂತೆ ಬೇಡ. ಭಾಷೆಯದೂ ಅಷ್ಟು ದೊಡ್ಡ ಚಿಂತೆಯಲ್ಲ, ಆದರೆ ಅದಕ್ಕೆ ಒಂದು ಕ್ರಮ ಬೇಕು. ನಾನು ಆ ಊರಲ್ಲಿ ಹಲವು ವರ್ಷ ಕೆಲಸ ಮಾಡಿದವನು. ಆಮೇಲೆ ನಮ್ಮ ಕಡೆಯಿಂದ ಹೋಗುವವರಿಗೆ ಇದೇ ಕ್ರಮವನ್ನು ಹೇಳಿಕೊಡುತ್ತಾ ಬಂದಿದ್ದೇನೆ.

ತಮಿಳು ಕಲಿಸುವ ಪುಸ್ತಕ, ವಿಡಿಯೋಗಳಲ್ಲಿ ಬಹಳಷ್ಟು ಇಂಗ್ಲಿಷ್ ಮೂಲಕ ಕಲಿಯುವವರಿಗಾಗಿ ಮಾಡಿದವು. ಅವು ಸೊನ್ನೆಯಿಂದ ಶುರು ಮಾಡುತ್ತವೆ. ಕನ್ನಡದವರು ಸೊನ್ನೆಯಲ್ಲಿ ಇಲ್ಲ. ವಾಕ್ಯದ ಜೋಡಣೆ, "ನನಗೆ ಬೇಕು", "ನನಗೆ ಗೊತ್ತು" ಅನ್ನುವ ರೀತಿ, ಕೊನೆಗೆ "ಆ" ಸೇರಿಸಿ ಪ್ರಶ್ನೆ ಮಾಡುವುದು, ಎಲ್ಲ ನಮ್ಮಲ್ಲಿ ಇರುವಂತೆಯೇ ಇದೆ. ಹಾಗಾಗಿ ಈ ಯೋಜನೆಯಲ್ಲಿ ಕನ್ನಡವನ್ನೇ ಆಧಾರ ಮಾಡಿಕೊಳ್ಳುತ್ತೇವೆ. ಎಲ್ಲಿ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೋ ಅಲ್ಲಿ ಮಾತ್ರ ಎಚ್ಚರ.

ಶುರು ಮಾಡುವ ಮೊದಲು ಒಂದು ತೀರ್ಮಾನ ಮಾಡಬೇಕು. ತಮಿಳಿನಲ್ಲಿ ಬರೆಯುವ ಭಾಷೆ ಬೇರೆ, ಆಡುವ ಭಾಷೆ ಬೇರೆ. ನಮ್ಮಲ್ಲೂ "ಹೋಗುತ್ತೇನೆ" ಬರೆದು "ಹೋಗ್ತೀನಿ" ಅಂತೀವಿ. ತಮಿಳಿನಲ್ಲಿ ಈ ಅಂತರ ಇನ್ನೂ ಜಾಸ್ತಿ. ಪುಸ್ತಕದಲ್ಲಿ "ವಂದು ಕೊಂಡಿರುಕ್ಕಿರೇನ್" ಅಂತ ಇರುತ್ತದೆ, ಬೀದಿಯಲ್ಲಿ "ವಂದುಟ್ಟಿರುಕ್ಕೇನ್" ಅಂತಾರೆ. ಎರಡಕ್ಕೂ ಅರ್ಥ "ಬರ್ತಾ ಇದೀನಿ". ಟಿವಿ ವಾರ್ತೆ ಕೇಳಿ ಕಲಿತರೆ ಮೊದಲನೆಯದು ಬರುತ್ತದೆ, ಟೀ ಅಂಗಡಿಯವರು ಎರಡನೆಯದನ್ನು ಮಾತಾಡುತ್ತಾರೆ. ಈ ಮೂವತ್ತು ದಿನ ಬರೀ ಆಡುಮಾತು. ಲಿಪಿಗೆ ಕೈ ಹಾಕಬೇಡಿ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ಮಾತು ಮೊದಲೇ ಕಿವಿಯಲ್ಲಿ ಕೂತಿದ್ದರೆ ಓದುವಾಗ ಯಾವುದು ಅಂತ ತಾನೇ ಗೊತ್ತಾಗುತ್ತದೆ. ಅದು ಎರಡನೇ ತಿಂಗಳ ಕೆಲಸ.

ಬೇಕಾಗಿರುವುದು ಒಂದು ಚಿಕ್ಕ ನೋಟ್‌ಬುಕ್, ಫೋನಿನ ರೆಕಾರ್ಡರ್, ದಿನಕ್ಕೆ ಮುಕ್ಕಾಲು ಗಂಟೆ. ನೋಟ್‌ಬುಕ್ಕಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ, ಕಿವಿಗೆ ಕೇಳಿದ ಹಾಗೆ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಲ, ಳ ಒಂದೇ ಆಗುತ್ತವೆ, ನ, ಣ ಒಂದೇ ಆಗುತ್ತವೆ. "ಪುಲಿ" ಅಂದರೆ ಹುಲಿ, "ಪುಳಿ" ಅಂದರೆ ಹುಣಸೆಹಣ್ಣು. ಕನ್ನಡ ಲಿಪಿಯಲ್ಲಿ ಈ ಗೊಂದಲವೇ ಇರುವುದಿಲ್ಲ.

ದಿನ 1 ರಿಂದ 3: ಊರಲ್ಲೇ ಕೂತು

ಮೊದಲ ಐದು ದಿನದ ಕೆಲಸವನ್ನು ಹೊರಡುವ ಮೊದಲು ಮನೆಯಲ್ಲೇ ಮುಗಿಸಿ.

ಹಳಗನ್ನಡದ ಪದ್ಯದಲ್ಲಿ ಪಾಲ್, ಪೋಗು, ಪತ್ತು ಅಂತ ಓದಿದ ನೆನಪಿದೆ ಅಲ್ವಾ? ಕಾಲಕ್ರಮದಲ್ಲಿ ನಮ್ಮ ಪ ಹೋಗಿ ಹ ಬಂತು. ತಮಿಳಿನಲ್ಲಿ ಪ ಹಾಗೇ ಉಳಿದಿದೆ. ಹಾಲು ಅಲ್ಲಿ ಪಾಲ್, ಹತ್ತು ಪತ್ತು, ಹಲ್ಲು ಪಲ್ಲು, ಹಣ ಪಣಂ, ಹಾವು ಪಾಂಬು, ಹಿಡಿ ಪಿಡಿ, ಹಸಿವು ಪಸಿ, ಹಾಡು ಪಾಟ್ಟು, ಹೆಸರು ಪೇರು. ಇದು ಮೊದಲನೇ ಅದಲುಬದಲು.

ಎರಡನೆಯದು ನಮ್ಮ ಬ ಅಲ್ಲಿ ವ ಆಗುವುದು. ಬಾ ಅಂದರೆ ವಾ. ಬಿಡು ಅಂದರೆ ವಿಡು. ಬಾಯಿ ವಾಯ್, ಬಾಳೆ ವಾಳೆ, ಬೆಂಡೆಕಾಯಿ ವೆಂಡೆಕ್ಕಾಯ್. ಮಂಡ್ಯದ ಬೆಲ್ಲ ಅಲ್ಲಿ ವೆಲ್ಲಂ. ಬೇಕು ಅನ್ನುವುದು ವೇಣುಂ, ಬೇಡ ಅನ್ನುವುದು ವೇಣಾಂ. ಈ ಕೊನೆಯ ಎರಡು ಪದ ಇಡೀ ತಿಂಗಳು ಬಾಯಲ್ಲಿ ಇರಬೇಕು.

ಮೂರು ದಿನ ಮನೆಯ ಅಡುಗೆಮನೆ, ಮಾರ್ಕೆಟ್, ಮೈಕೈ ಇವುಗಳ ಪದಗಳಲ್ಲಿ ಹ ಮತ್ತು ಬ ಇಂದ ಶುರುವಾಗುವವನ್ನು ಬರೆದುಕೊಂಡು ಬದಲಿಸಿ ನೋಡಿ. ತಮಿಳು ಬಲ್ಲ ಒಬ್ಬರ ಹತ್ತಿರ ಸರಿಯೋ ತಪ್ಪೋ ಕೇಳಿ. ಎಲ್ಲ ಪದಕ್ಕೂ ಇದು ನಡೆಯುವುದಿಲ್ಲ. ಹೇಳು ಅನ್ನುವುದಕ್ಕೆ ಸೊಲ್ಲು, ಬದನೆಕಾಯಿಗೆ ಕತ್ತರಿಕ್ಕಾಯ್. ಸಂಸ್ಕೃತದಿಂದ ಬಂದ ಪದಕ್ಕಂತೂ ಈ ಲೆಕ್ಕ ಹಾಕಬೇಡಿ. ಆದರೂ ಅಪರಿಚಿತ ಪದ ಕಿವಿಗೆ ಬಿದ್ದಾಗ ಪ ಇದ್ದರೆ ಹ ಹಾಕಿ ನೋಡುವ ಅಭ್ಯಾಸ ಆಗಬೇಕು. ಅದೇ ಈ ಮೂರು ದಿನದ ಗುರಿ.

ಕೆಲವು ಪದ ಹೆಚ್ಚುಕಮ್ಮಿ ನಮ್ಮವೇ. ಕೊಂಜಂ ಅಂದರೆ ಕೊಂಚ. ಸುಮ್ಮಾ ಅಂದರೆ ಸುಮ್ನೆ. ಸರಿ ಅಂದರೆ ಸರಿ. ಪರವಾಯಿಲ್ಲ ಅಂದರೆ ಪರವಾಗಿಲ್ಲ. ಸಿಲ್ಲರ ಅಂದರೆ ಚಿಲ್ಲರೆ.

ಮಳೆ, ಬಾಳೆ, ಏಳು ಇಂಥ ಪದಗಳಲ್ಲಿ ತಮಿಳಿಗೆ ಒಂದು ವಿಶೇಷ ಉಚ್ಚಾರ ಇದೆ. ನಾಲಿಗೆಯನ್ನು ಹಿಂದಕ್ಕೆ ಮಡಚಿ, ಎಲ್ಲೂ ತಾಗಿಸದೆ ಹೇಳಬೇಕು. ಹಳಗನ್ನಡದಲ್ಲೂ ಇದಕ್ಕೆ ಬೇರೆ ಅಕ್ಷರ ಇತ್ತು. ಈಗ ಅದಕ್ಕೆ ಸಮಯ ಕೊಡಬೇಡಿ, ಳ ಅಂತಲೇ ಹೇಳಿ. ತಮಿಳರಲ್ಲೂ ಎಷ್ಟೋ ಜನ ಹಾಗೇ ಹೇಳುತ್ತಾರೆ, ಯಾರಿಗೂ ಅರ್ಥ ಆಗದೇ ಇರುವುದಿಲ್ಲ.

ದಿನ 4 ಮತ್ತು 5: ಪಾರಾಗುವ ಮಾತು ಮತ್ತು "ಂಗ"

ಬಸ್ ಹತ್ತುವ ಮೊದಲು ಐದು ವಾಕ್ಯ ಬಾಯಿಪಾಠ ಆಗಿರಬೇಕು.

"ಎನಕ್ಕು ತಮಿಳ್ ಕೊಂಜಂ ಕೊಂಜಂ ತೆರಿಯುಂ." ನನಗೆ ತಮಿಳು ಸ್ವಲ್ಪ ಸ್ವಲ್ಪ ಗೊತ್ತು.
"ಪುರಿಯಲ." ಅರ್ಥ ಆಗಲಿಲ್ಲ.
"ಮೆದುವಾ ಸೊಲ್ಲುಂಗ." ನಿಧಾನವಾಗಿ ಹೇಳಿ.
"ಇದ ತಮಿಳ್‌ಲ ಎನ್ನ ಸೊಲ್ಲುವಾಂಗ?" ಇದನ್ನ ತಮಿಳಲ್ಲಿ ಏನಂತಾರೆ?
"ತಮಿಳ್‌ಲಯೇ ಪೇಸುಂಗ, ನಾನ್ ಕತ್ತುಕ್ಕರೇನ್." ತಮಿಳಲ್ಲೇ ಮಾತಾಡಿ, ನಾನು ಕಲೀತಾ ಇದೀನಿ.

ಕೊನೆಯದು ಬಹಳ ಮುಖ್ಯ. ಕೊಯಮತ್ತೂರಲ್ಲಿ ಮನೆಯಲ್ಲಿ ಕನ್ನಡ, ತೆಲುಗು ಮಾತಾಡುವ ಹಳೇ ಕುಟುಂಬಗಳು ಸಾಕಷ್ಟಿವೆ. ನೀವು ತಡವರಿಸಿದ ತಕ್ಷಣ ಎದುರಿನವರು ನಿಮಗೆ ಸುಲಭ ಆಗಲಿ ಅಂತ ಕನ್ನಡಕ್ಕೋ ಇಂಗ್ಲಿಷಿಗೋ ತಿರುಗಿಬಿಡುತ್ತಾರೆ. ಅವರ ಒಳ್ಳೆಯತನದಿಂದಲೇ ನಿಮ್ಮ ಕಲಿಕೆ ನಿಲ್ಲುತ್ತದೆ. ಈ ವಾಕ್ಯ ಹೇಳಿದರೆ ನಕ್ಕು ತಮಿಳಿಗೆ ಬರುತ್ತಾರೆ.

ಈಗ ಮರ್ಯಾದೆಯ ವಿಚಾರ. ಮಂಡ್ಯದ ಕಡೆ ದೊಡ್ಡವರನ್ನೂ "ಬಾರಣ್ಣ, ಕೂತ್ಕೋ" ಅಂತ ಪ್ರೀತಿಯಿಂದ ಕರೆಯುತ್ತೇವೆ. ಅದರಲ್ಲಿ ಅಗೌರವ ಇಲ್ಲ ಅಂತ ನಮಗೆ ಗೊತ್ತು. ಕೊಯಮತ್ತೂರಲ್ಲಿ ಅದು ನಡೆಯುವುದಿಲ್ಲ. ಆ ಸೀಮೆಗೆ ಕೊಂಗು ನಾಡು ಅನ್ನುತ್ತಾರೆ, ಅಲ್ಲಿನ ಮಾತು ಮರ್ಯಾದೆಗೆ ಹೆಸರಾದದ್ದು. ಪ್ರತಿ ಮಾತಿಗೂ "ಂಗ" ಸೇರುತ್ತದೆ. ವಾಂಗ ಅಂದರೆ ಬನ್ನಿ, ಪೋಂಗ ಹೋಗಿ, ಸೊಲ್ಲುಂಗ ಹೇಳಿ, ಕುಡುಂಗ ಕೊಡಿ, ಉಕ್ಕಾರುಂಗ ಕೂತ್ಕೊಳ್ಳಿ. ಸರಿ ಅನ್ನುವುದಕ್ಕೂ "ಸರಿಂಗ" ಅಂತಾರೆ. ಯಾರನ್ನಾದರೂ ಕರೆಯುವಾಗ "ಏನುಂಗ" ಅಂತಾರೆ. ನಿಮಗಿಂತ ಚಿಕ್ಕವರಿಗೂ ಮೊದಲ ತಿಂಗಳು ಂಗ ಹಾಕಿಯೇ ಮಾತಾಡಿ. ಗಂಡಸರಿಗೆ ಅಣ್ಣಾ, ಹೆಂಗಸರಿಗೆ ಅಕ್ಕಾ, ವಯಸ್ಸಾದವರಿಗೆ ಅಮ್ಮಾ, ಐಯಾ. ನಿಮ್ಮನ್ನು "ತಂಬಿ" ಅಂತ ಕರೆಯುತ್ತಾರೆ, ತಮ್ಮ ಅಂತ ಅರ್ಥ.

ಇಲ್ಲಿ ನಮ್ಮ ಕಡೆಯವರಿಗೇ ಇರುವ ಒಂದು ತೊಡಕು. ನಾವು "ನಿಂಗೆ" ಅಂದರೆ ನಿನಗೆ. ಅವರು "ನೀಂಗ" ಅಂದರೆ ನೀವು. "ನೀಂಗ ವೇಣುಂ" ಅಂದರೆ "ನಿಮಗೆ ಬೇಕು" ಆಗುವುದಿಲ್ಲ, "ನೀವು ಬೇಕು" ಆಗುತ್ತದೆ. ನಿಮಗೆ ಅನ್ನಲು ಉಂಗಳುಕ್ಕು, ನನಗೆ ಅನ್ನಲು ಎನಕ್ಕು.

ಮೇಲುಕೋಟೆ, ಶ್ರೀರಂಗಪಟ್ಟಣ, ಮೈಸೂರಿನ ಅಯ್ಯಂಗಾರ್ ಮನೆಗಳಲ್ಲಿ ತಮಿಳು ಕೇಳಿ ಬೆಳೆದವರಿಗೆ ಒಂದು ಮಾತು. ಆ ತಮಿಳು ಚೆಂದವಾದದ್ದು, ಆದರೆ ಮನೆಮಾತು. ಮನೆಗೆ ಅನ್ನಲು "ಆತ್ತುಕ್ಕು", ಬನ್ನಿ ಅನ್ನಲು "ವಾಂಗೋ" ಅಂತಾರೆ. ಬೀದಿಯಲ್ಲಿ ಅದನ್ನು ಬಳಸಿದರೆ ಅರ್ಥವಾಗುತ್ತದೆ, ಆದರೆ ಊರಿನ ಮಾತು ಅನ್ನಿಸುವುದಿಲ್ಲ. "ವೀಟ್ಟುಕ್ಕು", "ವಾಂಗ" ಅಂತ ಬದಲಿಸಿಕೊಳ್ಳಿ.

ದಿನ 6 ರಿಂದ 9: ಟೀ ಅಂಗಡಿ, ಬಸ್ಸು, ದುಡ್ಡು

ಆರನೇ ದಿನ ಹೊರಡಿ. ಚಾಮರಾಜನಗರ ದಾಟಿ, ಹಾಸನೂರು, ದಿಂಬಂ ಘಾಟಿಯ 27 ತಿರುವು, ಬಣ್ಣಾರಿ, ಸತ್ಯಮಂಗಲ, ಆಮೇಲೆ ಕೊಯಮತ್ತೂರು. ಹಾಸನೂರಿನ ಆಸುಪಾಸಲ್ಲಿ ಕನ್ನಡವೂ ನಡೆಯುತ್ತದೆ. ಘಾಟಿ ಇಳಿದ ಮೇಲೆ ತಮಿಳೇ. ಬಸ್ಸು ನಿಂತಲ್ಲಿ ಇಳಿದು ಮೊದಲ ಟೀ ನೀವೇ ಕೇಳಿ. "ಅಣ್ಣಾ, ಒರು ಟೀ. ಸಕ್ಕರೆ ಕಮ್ಮಿಯಾ." ಕುಡಿದ ಮೇಲೆ "ಎವ್ಳೋ ಆಚ್ಚು?" ಎಷ್ಟಾಯ್ತು ಅಂತ. ಪದಕ್ಕೆ ಪದ ನಮ್ಮದೇ ವಾಕ್ಯ.

ಬಸ್ಸಿನ ಮಾತೂ ಹಾಗೇ. "ಗಾಂಧಿಪುರ ಹೋಗುತ್ತಾ?" ಅನ್ನುವುದು "ಗಾಂದಿಪುರಂ ಪೋಗುಮಾ?" ಆಗುತ್ತದೆ. "ಒರು ಪೀಳಮೇಡು ಕುಡುಂಗ" ಅಂದರೆ ಪೀಳಮೇಡಿಗೆ ಒಂದು ಟಿಕೆಟ್. "ಸ್ಟಾಪ್ ವಂದಾ ಸೊಲ್ಲುಂಗ" ಅಂದರೆ ಸ್ಟಾಪ್ ಬಂದ್ರೆ ಹೇಳಿ. ಈ ನಾಲ್ಕು ದಿನ ಸೀಟು ಸಿಕ್ಕರೂ ಕಂಡಕ್ಟರ್ ಹತ್ತಿರವೇ ಕೂರಿ. ಒಂದೇ ಟ್ರಿಪ್ಪಿನಲ್ಲಿ ಅದೇ ಐದಾರು ಮಾತು ಎಷ್ಟೋ ಜನರ ಬಾಯಲ್ಲಿ ಕೇಳಿಸುತ್ತದೆ.

ಅಂಕಿಗಳು ಸುಲಭ. ಒಣ್ಣು, ರೆಂಡು, ಮೂಣು, ನಾಲು, ಅಂಜು, ಆರು, ಏಳು, ಎಟ್ಟು, ಒಂಬದು, ಪತ್ತು. ಇಪ್ಪತ್ತು ಇರುವದು, ಮೂವತ್ತು ಮುಪ್ಪದು, ನಲವತ್ತು ನಾಪ್ಪದು, ಐವತ್ತು ಅಂಬದು. ಹೀಗೇ ಎಂಬತ್ತರವರೆಗೆ ತೊಂದರೆ ಇಲ್ಲ. ತೊಂಬತ್ತರಲ್ಲಿ ಮಾತ್ರ ನಿಲ್ಲಿ. ತಮಿಳಿನಲ್ಲಿ ತೊಂಬತ್ತಕ್ಕೆ "ತೊಣ್ಣೂರು". ಕನ್ನಡದ ಕಿವಿಗೆ ಅದರಲ್ಲಿ ನೂರು ಕೇಳಿಸುತ್ತದೆ. ಒಂಬೈನೂರಕ್ಕೆ "ತೊಳ್ಳಾಯಿರಂ". ಅದರಲ್ಲಿ ಆಯಿರಂ, ಅಂದರೆ ಸಾವಿರ ಕೇಳಿಸುತ್ತದೆ. "ತೊ" ಅಂತ ಶುರುವಾದರೆ ಒಂಬತ್ತರ ಲೆಕ್ಕ ಅಂತ ಇಟ್ಟುಕೊಳ್ಳಿ. ಬಾಡಿಗೆ, ಅಡ್ವಾನ್ಸ್ ಮಾತಾಡುವಾಗ ಇದು ತಪ್ಪಿದರೆ ಕಷ್ಟ. ಅನುಮಾನ ಬಂದರೆ ಫೋನಿನಲ್ಲಿ ಅಂಕಿ ಒತ್ತಿ ತೋರಿಸಿ.

ಪ್ರಶ್ನೆಯ ಪದಗಳನ್ನೂ ಈ ದಿನಗಳಲ್ಲೇ ಹಿಡಿಯಿರಿ. ಎಂಗ ಎಲ್ಲಿ, ಎಪ್ಪೊ ಯಾವಾಗ, ಎಪ್ಪಡಿ ಹೇಗೆ, ಎವ್ಳೋ ಎಷ್ಟು, ಯಾರು ಯಾರು. ಇನ್ನೆರಡು ಅಪಾಯದವು. "ಎನ್ನ" ಅಂದರೆ ಏನು. "ಏನ್" ಅಂದರೆ ಯಾಕೆ. ಮಾತು ಕೇಳಿಸದಿದ್ದಾಗ ನಮ್ಮ ಬಾಯಲ್ಲಿ ತಾನಾಗಿ ಬರುವುದು "ಏನು?" ಅಂತ. ಅವರಿಗೆ ಅದು "ಯಾಕೆ?" ಅಂತ ಕೇಳಿಸುತ್ತದೆ. ಈ ಒಂದು ಪದವನ್ನು ಬಿಡಿಸಿಕೊಳ್ಳಲು ಬೇರೆ ಎಲ್ಲಕ್ಕಿಂತ ಜಾಸ್ತಿ ದಿನ ಬೇಕಾಗುತ್ತದೆ.

ದಿನ 10 ರಿಂದ 18: ಐದು ಬಾಲ

ಇಡೀ ಯೋಜನೆಯ ಜೀವ ಇಲ್ಲಿದೆ. ಈ ಒಂಬತ್ತು ದಿನ ಹೊಸ ಪದ ಗುಡ್ಡೆ ಹಾಕಬೇಡಿ.

ಕನ್ನಡದಲ್ಲಿ ಹೋಗಬೇಕು, ಹೋಗಬಹುದು, ಹೋಗಬಾರದು ಅಂತೀವಿ. "ಹೋಗ" ಅಷ್ಟೂ ಕಡೆ ಒಂದೇ, ಬಾಲ ಮಾತ್ರ ಬದಲಾಗುತ್ತದೆ. ನಾನು, ನೀವು, ಅವರು ಯಾರೇ ಆದರೂ ಹೋಗಬೇಕು ಅಂದರೆ ಹೋಗಬೇಕು. ತಮಿಳೂ ಹಾಗೇ. ಹೋಗ ಅಲ್ಲಿ "ಪೋಗ", ಬರ ಅಲ್ಲಿ "ವರ". ಅದಕ್ಕೆ ಐದು ಬಾಲ.

ಪೋಗಣುಂ: ಹೋಗಬೇಕು.
ಪೋಗಲಾಂ: ಹೋಗಬಹುದು, ಹೋಗೋಣ.
ಪೋಗಕ್ಕೂಡಾದು: ಹೋಗಕೂಡದು.
ಪೋಗ ಮುಡಿಯಾದು: ಹೋಗೋಕಾಗಲ್ಲ.
ಪೋಗಲ: ಹೋಗಲಿಲ್ಲ, ಹೋಗ್ತಿಲ್ಲ.

ಇದರಿಂದ ದೊಡ್ಡ ಅನುಕೂಲ ಏನೆಂದರೆ, ಕ್ರಿಯಾಪದದ ಕೊನೆಯಲ್ಲಿ ನಾನು ನೀನು ಅಂತ ಬದಲಾಗುವ ಪ್ರತ್ಯಯ ಕಲಿಯುವ ಮೊದಲೇ ದಿನನಿತ್ಯದ ಹೆಚ್ಚಿನ ಮಾತು ನಡೆಯುತ್ತದೆ. ನನಗೆ ಇಳೀಬೇಕು, ಇಲ್ಲಿ ಇಡಬಹುದಾ, ಅವರು ಕೊಡಲಿಲ್ಲ, ನನಗೆ ತಿನ್ನೋಕಾಗಲ್ಲ, ಇಂಥವೇ ಅಲ್ವಾ ನಾವು ದಿನವೂ ಆಡುವುದು?

ಹನ್ನೆರಡು ರೂಪ ಸಾಕು. ಪೋಗ, ವರ, ಸಾಪ್ಪಿಡ (ತಿನ್ನ), ಕುಡಿಕ್ಕ (ಕುಡಿಯ), ಕುಡುಕ್ಕ (ಕೊಡ), ಪಾಕ್ಕ (ನೋಡ), ಕೇಕ್ಕ (ಕೇಳ), ಸೊಲ್ಲ (ಹೇಳ), ವಾಂಗ (ಕೊಳ್ಳ), ಎಡುಕ್ಕ (ತೆಗೆಯ), ಪಣ್ಣ (ಮಾಡ), ಎರಂಗ (ಇಳಿಯ). ದಿನಕ್ಕೆ ಎರಡು ರೂಪ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಐದು ಬಾಲ ಹಾಕಿ, ಹತ್ತು ವಾಕ್ಯ ಜೋರಾಗಿ ಹೇಳಿ ರೆಕಾರ್ಡ್ ಮಾಡಿ. ಆರು ದಿನದಲ್ಲಿ ಹನ್ನೆರಡೂ ಮುಗಿಯುತ್ತವೆ. ಉಳಿದ ಮೂರು ದಿನ ಅದಲುಬದಲು ಅಭ್ಯಾಸ. ಸಂಜೆ ರೂಮ್‌ಮೇಟ್ ಅಥವಾ ಕೆಲಸದ ಜಾಗದ ಒಬ್ಬರಿಗೆ ಅವರದ್ದೇ ಐದು ವಾಕ್ಯ ಹೇಳಲು ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿಕೊಳ್ಳಿ. ಮಲಗುವ ಮೊದಲು ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಕೇಳುವಾಗ ಎರಡು ಕಡೆ ಗಮನ ಇರಲಿ. ಒಂದು, "ಣುಂ", "ಲಾಂ" ಇವುಗಳ ಕೊನೆಯಲ್ಲಿ ತುಟಿ ಪೂರ್ತಿ ಮುಚ್ಚುವುದಿಲ್ಲ. ದನಿ ಮೂಗಿಗೆ ಹೋಗಿ ನಿಲ್ಲುತ್ತದೆ. "ವೇಣುಮ್" ಅಂತ ಒತ್ತಿ ಹೇಳಿದರೆ ಪುಸ್ತಕ ಓದಿದಂತೆ ಕೇಳಿಸುತ್ತದೆ. ಎರಡು, ಪೋಗಲ ಮತ್ತು ಪೋಗಲಾಂ. ಮೊದಲನೆಯದು ಹೋಗಲಿಲ್ಲ, ಎರಡನೆಯದು ಹೋಗೋಣ. ಅರ್ಥ ಪೂರ್ತಿ ಉಲ್ಟಾ, ವ್ಯತ್ಯಾಸ ಇರುವುದು ಲ ಗಿಡ್ಡವೋ ಉದ್ದವೋ ಅನ್ನುವುದರಲ್ಲಿ. ನಿಮ್ಮ ರೆಕಾರ್ಡಿಂಗಿನಲ್ಲಿ ಈ ಎರಡೂ ಒಂದೇ ಥರ ಕೇಳಿಸಿದರೆ ಇನ್ನೊಂದು ದಿನ ಅಲ್ಲೇ ನಿಲ್ಲಿ. ಕುಡಿಕ್ಕ, ಕುಡುಕ್ಕ ಇವುಗಳ ವಿಷಯವೂ ಅಷ್ಟೇ. ನಮ್ಮ "ಕೊಡು" ಅಲ್ಲಿ "ಕುಡು" ಆಗಿರುವುದರಿಂದ ಕುಡಿಯುವ ಮಾತು ಅನ್ನಿಸಿಬಿಡುತ್ತದೆ.

ಇನ್ನೊಂದು ಸಣ್ಣ ಅನುಕೂಲ. ನಾವು "ಇಲ್ಲ", "ಅಲ್ಲ" ಅಂತ ಎರಡು ಇಟ್ಟುಕೊಂಡಿದ್ದೇವೆ. ಆಡುತಮಿಳಿನಲ್ಲಿ ಎರಡಕ್ಕೂ "ಇಲ್ಲ" ಸಾಕು.

ನೀರು ಬರದ ದಿನ

ನನ್ನ ತಂಗಿಯ ಮಗ ಮಂಡ್ಯದಿಂದ ಹೋಗಿ ಪೀಳಮೇಡಿನ ಕಡೆ ಮಹಡಿ ಮೇಲೆ ಒಂದು ರೂಮು ಹಿಡಿದಿದ್ದ. ಬಾಲಗಳ ಅಭ್ಯಾಸ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಕೆಳಗೆ ಮನೆ ಓನರ್ ಅಕ್ಕನ ಹತ್ತಿರ ಹೋಗಿ ಮಾತಾಡಿದ. ಅವನು ಆಮೇಲೆ ಬರೆದುಕೊಂಡಿದ್ದು ಹೀಗಿದೆ.

"ಅಕ್ಕಾ, ಮೇಲ ತಣ್ಣಿ ವರಲ." (ಅಕ್ಕಾ, ಮೇಲೆ ನೀರು ಬರ್ತಿಲ್ಲ.)
"ಅಪ್ಪಡಿಯಾ? ಎಪ್ಪೊಲೇರುಂದು?" (ಹೌದಾ? ಯಾವಾಗಿಂದ?)
"ಕಾಲೈಲೇರುಂದು." (ಬೆಳಿಗ್ಗೆಯಿಂದ.)
"ಕರೆಂಟ್ ಇಲ್ಲ ತಂಬಿ, ಅದಾನ್ ಮೋಟರ್ ಪೋಡಲ." (ಕರೆಂಟಿಲ್ಲ ತಮ್ಮ, ಅದಕ್ಕೇ ಮೋಟರ್ ಹಾಕಿಲ್ಲ.)
"ಏನ್?"
"ಕರೆಂಟ್ ಇಲ್ಲ, ಅದಾನ್!"
"ಎಪ್ಪೊ ವರುಂ?" (ಯಾವಾಗ ಬರುತ್ತೆ?)
"ಒರು ಮಣಿ ನೇರತ್ತುಲ ವಂದುರುಂ." (ಒಂದು ಗಂಟೇಲಿ ಬಂದ್ಬಿಡುತ್ತೆ.)
"ಸರಿಂಗಕ್ಕಾ."

ಈ ಮಾತುಕತೆಯಲ್ಲಿ ಅವನು ಬಳಸಿದ್ದು ಒಂದು ಬಾಲ, ಎರಡು ಪ್ರಶ್ನೆ ಪದ, ಒಂದು "ಇಂದ". ತಮಿಳಿನಲ್ಲಿ ಇಂದ ಅನ್ನುವುದಕ್ಕೆ "ಲೇರುಂದು". ಆಕೆ "ಎಪ್ಪೊಲೇರುಂದು" ಅಂತ ಕೇಳಿದಾಗ ಅದರ ಕೊನೆಯನ್ನೇ ಹಿಡಿದು "ಕಾಲೈ" ಗೆ ಅಂಟಿಸಿದ. ಪ್ರಶ್ನೆಯ ಬಾಲವನ್ನೇ ಉತ್ತರಕ್ಕೆ ಹಾಕುವ ಈ ಉಪಾಯ ನೂರಕ್ಕೆ ತೊಂಬತ್ತು ಸಲ ಸರಿಯಾಗಿ ಬರುತ್ತದೆ.

ಮಧ್ಯದ "ಏನ್?" ನೋಡಿ. "ಪೋಡಲ" ಕೇಳಿಸಲಿಲ್ಲ ಅಂತ ಅವನು ಏನು ಅಂದ. ಆಕೆಗೆ ಯಾಕೆ ಅಂತ ಕೇಳಿಸಿ, ಕಾರಣವನ್ನೇ ಇನ್ನೊಮ್ಮೆ ಹೇಳಿದರು. ಉತ್ತರ ಪ್ರಶ್ನೆಗೆ ಹೊಂದುತ್ತಿಲ್ಲ ಅನ್ನಿಸಿದರೆ ಹೆಚ್ಚಿನ ಸಲ ಕಾರಣ ಇದೇ. "ಎನ್ನಂಗ?" ಅಂತ ಕೇಳಿದ್ದರೆ ಪೂರ್ತಿ ವಾಕ್ಯ ಮತ್ತೆ ಸಿಗುತ್ತಿತ್ತು.

"ವಂದುರುಂ" ಅವನಿಗೆ ಹೊಸದು. ವಂದು, ವಿಡುಂ ಎರಡೂ ಸೇರಿ ಸವೆದಿದೆ. ನಾವು ಬಂದು ಬಿಡುತ್ತದೆ ಅನ್ನುವುದನ್ನು "ಬಂದ್ಬಿಡುತ್ತೆ" ಅನ್ನುವ ಹಾಗೆ. ಇಂಥ ಸವೆದ ರೂಪ ಸಿಕ್ಕಾಗ ಬಿಡಿಸಿ ಬರೆದು ಕನ್ನಡದ್ದನ್ನು ಪಕ್ಕದಲ್ಲಿ ಇಡಿ. ಮತ್ತೆ ಮರೆಯುವುದಿಲ್ಲ.

"ತಣ್ಣಿ" ಬಗ್ಗೆ ಒಂದು ಮಾತು. ನಮಗೆ ತಣ್ಣೀರು ಅಂದರೆ ತಣ್ಣಗಿನ ನೀರು. ಅಲ್ಲಿ ಎಲ್ಲ ನೀರೂ ತಣ್ಣಿಯೇ. ಬಿಸಿನೀರಿಗೂ "ಸುಡು ತಣ್ಣಿ". ಜ್ವರ ಬಂದಾಗ ಹೋಟೆಲಲ್ಲಿ ಬರೀ ತಣ್ಣಿ ಕೇಳಿದರೆ ಬಿಸಿಯದು ಬರುವುದಿಲ್ಲ. ಊಟದ ಹೊತ್ತಿಗೆ "ಸೋರು" ಅಂತ ಕೇಳಿಸಿದರೆ ಸಾರು ಅಂದುಕೊಳ್ಳಬೇಡಿ, ಅದು ಅನ್ನ.

ದಿನ 19 ರಿಂದ 25: ನಿನ್ನೆ, ಇವತ್ತು, ನಾಳೆ

ಈಗ ಪ್ರತ್ಯಯ. ಮೂರು ಜನರಿಗೆ ಮಾತ್ರ ಕಲಿಯಿರಿ: ನಾನು, ನೀವು, ಅವರು. ನಾನ್ ವರೇನ್, ನೀಂಗ ವರೀಂಗ, ಅವಂಗ ವರಾಂಗ. ಬರ್ತೀನಿ, ಬರ್ತೀರ, ಬರ್ತಾರೆ. ನಿನ್ನೆಯದಾದರೆ ವಂದೇನ್, ವಂದೀಂಗ, ವಂದಾಂಗ. ನಮ್ಮ ಪುಸ್ತಕದ "ಬಂದೆನು" ನೆನಪಿಟ್ಟುಕೊಂಡರೆ "ವಂದೇನ್" ತಾನಾಗಿ ಬರುತ್ತದೆ. ಪೋನೇನ್, ಪಾತ್ತೇನ್, ಸಾಪ್ಟೇನ್, ಸೊನ್ನೇನ್, ಕುಡುತ್ತೇನ್, ವಾಂಗುನೇನ್. ಹೋದೆ, ನೋಡಿದೆ, ತಿಂದೆ, ಹೇಳಿದೆ, ಕೊಟ್ಟೆ, ಕೊಂಡೆ. ನಾಳೆಯದಕ್ಕೆ ಬೇರೆ ರೂಪ ಇದೆ, ಆದರೆ ಈ ತಿಂಗಳು ಬೇಡ. ನಾವು "ನಾಳೆ ಬರ್ತೀನಿ" ಅನ್ನುವ ಹಾಗೆ "ನಾಳೈಕ್ಕು ವರೇನ್" ಅಂದರೆ ಸಾಕು.

ದಿನವೂ ರಾತ್ರಿ ಆ ದಿನ ನಡೆದದ್ದನ್ನು ಆರು ವಾಕ್ಯದಲ್ಲಿ ಯಾರಿಗಾದರೂ ಹೇಳಿ. "ಇನ್ನಿಕ್ಕು ಗಾಂದಿಪುರಂ ಪೋನೇನ್. ಚಟ್ಟೆ ವಾಂಗುನೇನ್. ಎನ್‌ಕಿಟ್ಟ ಸಿಲ್ಲರ ಇಲ್ಲ." ಇವತ್ತು ಗಾಂಧಿಪುರಕ್ಕೆ ಹೋದೆ, ಅಂಗಿ ಕೊಂಡೆ, ನನ್ನ ಹತ್ತಿರ ಚಿಲ್ಲರೆ ಇಲ್ಲ. ಇಷ್ಟು ಸರಳವಾಗಿ. ಕೇಳುವವರು ತಿದ್ದಿದ್ದನ್ನು ಮಾತ್ರ ನೋಟ್‌ಬುಕ್ಕಿಗೆ ಹಾಕಿ.

ಈ ವಾರ ಎರಡು ಕಡೆ ಕನ್ನಡ ಕಾಲು ಎಳೆಯುತ್ತದೆ. ಅವರು ಅನ್ನುವುದನ್ನು ನಾವು ಗಂಡಸು, ಹೆಂಗಸು, ಗುಂಪು ಎಲ್ಲಕ್ಕೂ ಹೇಳುತ್ತೇವೆ. ತಮಿಳಿನಲ್ಲಿ "ಅವರು" ಒಬ್ಬ ಗಂಡಸಿಗೆ ಮಾತ್ರ. ಹೆಂಗಸಿಗೂ ಗುಂಪಿಗೂ "ಅವಂಗ". ಓನರ್ ಅಕ್ಕನ ಬಗ್ಗೆ ಹೇಳುವಾಗ "ಅವರು ಸೊನ್ನಾರು" ಅಂದರೆ ಕೇಳುವವರು ಅವರ ಯಜಮಾನರು ಹೇಳಿದರು ಅಂದುಕೊಳ್ಳುತ್ತಾರೆ.

ಎರಡನೆಯದು "ನಮ್ಮ". ತಮಿಳಿನಲ್ಲಿ ನಮ್ಮ ಅಂದರೆ ಮಾತಾಡುವವರದೂ ಕೇಳುವವರದೂ ಸೇರಿ. ಕೊಯಮತ್ತೂರಿನವರಿಗೆ "ನಮ್ಮ ಊರು ಮಂಡ್ಯ" ಅಂದರೆ ಅವರೂ ಮಂಡ್ಯದವರು ಅಂದಂತಾಗುತ್ತದೆ. "ಎಂಗ ಊರು ಮಂಡ್ಯ" ಅನ್ನಬೇಕು. ಎಲ್ಲಿ ಅನ್ನುವುದಕ್ಕೂ "ಎಂಗ" ಅಂತಲೇ ಇದೆಯಲ್ಲ ಅಂತ ಹೆದರಬೇಡಿ, ಮಾತಿನ ಸಂದರ್ಭದಲ್ಲಿ ಗೊತ್ತಾಗುತ್ತದೆ. ಎಂಗ ವೀಡು, ಎಂಗ ಅಮ್ಮಾ, ಎಂಗ ಆಫೀಸ್ ಅಂತ ಬಾಯಿಗೆ ರೂಢಿ ಮಾಡಿ.

ದಿನ 26 ರಿಂದ 30: ಫೋನು

ಎದುರಿಗಿದ್ದಾಗ ಕೈ, ಕಣ್ಣು, ಮುಖ ಎಲ್ಲ ಸಹಾಯ ಮಾಡುತ್ತವೆ. ಫೋನಿನಲ್ಲಿ ಕಿವಿ ಮಾತ್ರ. ಅದಕ್ಕೇ ಕೊನೆಯ ಐದು ದಿನ ಫೋನಿಗೆ.

ಮೊದಲ ಕರೆ ನೀರಿನ ಕ್ಯಾನಿಗೆ. ಅಂಗಡಿಯವರು ನಿಮ್ಮಿಂದ ಕೇಳುವ ವಿಷಯ ನಾಲ್ಕೇ ಆದ್ದರಿಂದ ಅದು ಒಳ್ಳೆಯ ಅಭ್ಯಾಸ: ಎಷ್ಟು ಕ್ಯಾನು, ಎಲ್ಲಿಗೆ, ಯಾವಾಗ, ಚಿಲ್ಲರೆ ಇದೆಯಾ. ಮೊದಲೇ ಬರೆದಿಟ್ಟುಕೊಳ್ಳಿ. "ಅಣ್ಣಾ, ರೆಂಡು ವಾಟರ್ ಕೇನ್ ವೇಣುಂ. ಎಂಗ ವೀಡು ಪಿಳ್ಳೆಯಾರ್ ಕೋಯಿಲ್ ಪಕ್ಕತ್ತುಲ, ಮಾಡಿಲ. ಎತ್ತನೆ ಮಣಿಕ್ಕು ವರೀಂಗ?" ಪಿಳ್ಳೆಯಾರ್ ಅಂದರೆ ಗಣಪತಿ, ಮಾಡಿ ಅಂದರೆ ಮಹಡಿ, ಕೊನೆಯ ಪ್ರಶ್ನೆ ಎಷ್ಟು ಗಂಟೆಗೆ ಬರ್ತೀರ ಅಂತ. ನೀವು ಮನೆಯಲ್ಲಿ ಇಲ್ಲದಿದ್ದರೆ "ಕೀಳ ವೆಚ್ಚಿಟ್ಟು ಪೋಂಗ", ಕೆಳಗೆ ಇಟ್ಟು ಹೋಗಿ. ವಿಳಾಸದ ಬದಲು ಹತ್ತಿರದ ಗುಡಿ, ಬೇಕರಿ, ಬಸ್ ಸ್ಟಾಪ್ ಹೆಸರು ಹೇಳಿ.

ಅವರು ಹೇಳಿದ ಸಮಯವನ್ನು ತಿರುಗಿ ಹೇಳುವುದು ಕಡ್ಡಾಯ. "ಎಟ್ಟರೆ" ಅಂದರೆ ಎಂಟೂವರೆ. "ಎಟ್ಟರೈಯಾ? ಸರಿಂಗಣ್ಣಾ" ಅಂದರೆ ನೀವು ಕೇಳಿಸಿಕೊಂಡದ್ದು ಸರಿಯೋ ಅಂತ ಅಲ್ಲೇ ಗೊತ್ತಾಗುತ್ತದೆ.

ಎರಡನೇ ಕರೆ ಎಲೆಕ್ಟ್ರಿಷಿಯನ್‌ಗೋ ಪ್ಲಂಬರ್‌ಗೋ. "ಫ್ಯಾನ್ ಸುತ್ತಲ" ಅಂದರೆ ಫ್ಯಾನ್ ತಿರುಗ್ತಿಲ್ಲ. ಅವರು ಎರಡು ಮೂರು ಪ್ರಶ್ನೆ ಕೇಳುತ್ತಾರೆ, ಅವು ನಿಮಗೆ ಮೊದಲೇ ಗೊತ್ತಿರುವುದಿಲ್ಲ. ಪುರಿಯಲ, ಮೆದುವಾ ಸೊಲ್ಲುಂಗ ಎರಡನ್ನೂ ಬಳಸಿ. ಮೂರನೆಯದು ಕೆಲಸದ ಜಾಗಕ್ಕೆ: "ಇನ್ನಿಕ್ಕು ವರ ಮುಡಿಯಾದು, ಒಡಂಬು ಸರಿಯಿಲ್ಲ." ಇವತ್ತು ಬರೋಕಾಗಲ್ಲ, ಮೈ ಹುಷಾರಿಲ್ಲ. ಸುಳ್ಳು ಹೇಳುವುದು ಬೇಡ, ಸ್ನೇಹಿತರ ಹತ್ತಿರ ಅಭ್ಯಾಸ ಮಾಡಿ ಇಟ್ಟುಕೊಂಡರೆ ನಿಜವಾಗಿ ಬೇಕಾದ ದಿನ ಬಾಯಿಗೆ ಬರುತ್ತದೆ.

ಮೂವತ್ತನೇ ದಿನ ಇಷ್ಟು ಆಗಬೇಕು: ಬಸ್ಸು, ಅಂಗಡಿ, ಓನರ್, ನೀರಿನ ಕ್ಯಾನು, ಈ ನಾಲ್ಕೂ ಇಂಗ್ಲಿಷ್ ಇಲ್ಲದೆ ಮುಗಿಯಬೇಕು. ನಾಲ್ಕೈದು ಜನ ಸೇರಿ ನಗುತ್ತಾ ಜೋರಾಗಿ ಮಾತಾಡುವಾಗ ಅರ್ಧ ತಪ್ಪಿಹೋಗುತ್ತದೆ, ಸಿನಿಮಾದ ತಮಾಷೆ ಮುಕ್ಕಾಲು ತಪ್ಪುತ್ತದೆ. ಅದು ಮೂವತ್ತು ದಿನಕ್ಕೆ ಬರುವಂಥದ್ದಲ್ಲ. ನಾಲ್ಕರಲ್ಲಿ ಎರಡು ಮಾತ್ರ ಆದರೆ ಹೊಸ ಪದ ಹುಡುಕಲು ಹೋಗಬೇಡಿ. ತೊಡಕು ಸಾಮಾನ್ಯವಾಗಿ ಐದು ಬಾಲಗಳಲ್ಲಿ ಇರುತ್ತದೆ. ಹತ್ತನೇ ದಿನದ ಪುಟ ತೆಗೆದು, ಅದೇ ಹನ್ನೆರಡು ರೂಪಗಳನ್ನು ಇನ್ನೊಂದು ವಾರ ಜೋರಾಗಿ ಹೇಳಿ, ಮತ್ತೆ ಕ್ಯಾನಿನ ಅಂಗಡಿಗೆ ಫೋನ್ ಮಾಡಿ.